ಮೂರನೆಯ ಅಂಕಣ

ಪುಣೆಯಲ್ಲಿ ಬಿ.ಎಡ್. ಓದುತ್ತಿರುವ ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬರಿಗೆ ಈ ವರ್ಷ ಒಂದು ಸಣ್ಣ ಕೆಲಸ ಬಿತ್ತು. ಕಲಿಕೆ ಮತ್ತು ಬೋಧನೆಯ ಪತ್ರಿಕೆಯಲ್ಲಿ ಕಲಿಕೆಯ ಸಿದ್ಧಾಂತಗಳ ಬಗ್ಗೆ ಒಂದು ದೊಡ್ಡ ಅಧ್ಯಾಯವಿದೆ. ಅದನ್ನು ಎರಡು ಪುಟಕ್ಕೆ ಇಳಿಸಿ, ಮೂರು ಅಂಕಣದ ಕೋಷ್ಟಕ ಮಾಡಿ ತರಬೇಕು. ಸಿದ್ಧಾಂತದ ಮೂಲ ಮಾತೇನು, ತರಗತಿಯಲ್ಲಿ ಅದರಿಂದ ಏನಾಗುತ್ತದೆ, ಅದರ ಮೇಲಿನ ಟೀಕೆ ಏನು. ಹತ್ತು ಅಂಕ. ಸೀನಿಯರ್‌ಗಳ ಹಳೆಯ ನೋಟ್ಸ್ ವಾಟ್ಸ್‌ಆ್ಯಪ್‌ನಲ್ಲಿ ಸಿಗುತ್ತಿದ್ದವು. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.

ಆ ನೋಟ್ಸ್‌ಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರನೆಯ ಅಂಕಣದಲ್ಲಿ ಎಲ್ಲರೂ ಹೆಚ್ಚು ಕಡಿಮೆ ಒಂದೇ ಬರೆದಿದ್ದರು. ವರ್ತನಾವಾದಕ್ಕೆ 'ಮಗುವಿನ ಭಾವನೆಗೆ ಬೆಲೆಯಿಲ್ಲ', ಪಿಯಾಜೆಗೆ 'ಎಲ್ಲ ಮಕ್ಕಳಿಗೂ ಅನ್ವಯಿಸದು', ವೈಗೋಟ್‌ಸ್ಕಿಗೆ 'ದೊಡ್ಡ ತರಗತಿಯಲ್ಲಿ ಕಷ್ಟ'. ಎಡಗಡೆಯ ಎರಡು ಅಂಕಣವನ್ನು ಕೈಯಿಂದ ಮುಚ್ಚಿ ಟೀಕೆಯನ್ನಷ್ಟೇ ಓದಿದರೆ ಅದು ಯಾವ ಸಿದ್ಧಾಂತದ ಮೇಲಿನದು ಎಂದು ಹೇಳಲು ಬರುತ್ತಿರಲಿಲ್ಲ. ಅದಲುಬದಲು ಮಾಡಿದರೂ ನಡೆಯುತ್ತಿತ್ತು. ಅಂಥ ಟೀಕೆ ಸಿದ್ಧಾಂತದ ಮೂಲ ಮಾತನ್ನು ಮುಟ್ಟಿಯೇ ಇಲ್ಲ ಎಂದರ್ಥ. ಅವರು ಹಾಕಿಕೊಂಡ ನಿಯಮ ಒಂದೇ: ಮೂರನೆಯ ಅಂಕಣದಲ್ಲಿ ಬರೆಯುವುದು ಮೊದಲನೆಯ ಅಂಕಣದ ಮಾತಿಗೇ ಕೊಟ್ಟ ಉತ್ತರವಾಗಿರಬೇಕು.

ಈ ನಿಯಮ ಹಾಕಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅಭ್ಯಾಸ ಬೋಧನೆಗೆಂದು ಅವರಿಗೆ ಒಂದು ಮರಾಠಿ ಮಾಧ್ಯಮದ ಶಾಲೆಯ ಮೂರನೇ ಇಯತ್ತೆ ಸಿಕ್ಕಿತ್ತು. ಅಲ್ಲಿ ಒಬ್ಬ ಹುಡುಗ 52ರಲ್ಲಿ 27 ಕಳೆದು 35 ಎಂದು ಬರೆಯುತ್ತಿದ್ದ. 40ರಲ್ಲಿ 16 ಕಳೆದರೆ 36. ಹಾಗೆಂದು ಅವನು ಕಣ್ಣು ಮುಚ್ಚಿ ಬರೆದವನಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದ್ದ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಗಣಿತ ಕಲಿಸುವವರಿಗೆ ಇದು ಹಳೆಯ ಪರಿಚಯ. 1978ರಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬಿಬ್ಬರು ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳು ಹೀಗೆ ನಿಯಮಬದ್ಧವಾಗಿರುತ್ತವೆ ಎಂದು ತೋರಿಸಿ, ಅವುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನ 'ಬಗ್'ಗಳಿಗೆ ಹೋಲಿಸಿದ್ದರು.

ಕೋಷ್ಟಕದ ಮೂರು ಸಿದ್ಧಾಂತಗಳನ್ನೂ ಈ ಒಂದೇ ಲೆಕ್ಕದ ಮೇಲೆ ಹಾಯಿಸಿ ನೋಡುವುದು ಅವರ ಉಪಾಯ.

ವರ್ತನಾವಾದದ ಮೂಲ ಮಾತು ಸರಳ. ಕಲಿಕೆ ಎಂದರೆ ಹೊರಗೆ ಕಾಣುವ ವರ್ತನೆಯಲ್ಲಿನ ಬದಲಾವಣೆ. ಆ ವರ್ತನೆಯ ಹಿಂದೆಯೇ ಬರುವ ಫಲ ಅದನ್ನು ಗಟ್ಟಿ ಮಾಡುತ್ತದೆ. 1953ರಲ್ಲಿ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ಶಾಲೆಗೆ ಹೋಗಿ ಗಣಿತದ ತರಗತಿಯ ಹಿಂದೆ ಕುಳಿತಿದ್ದರು. ಮಕ್ಕಳು ಲೆಕ್ಕ ಮಾಡುತ್ತಾರೆ, ಸರಿಯೋ ತಪ್ಪೋ ಎಂಬುದು ತಕ್ಷಣ ತಿಳಿಯುವುದಿಲ್ಲ. ಬೇಗ ಮುಗಿಸಿದವರೂ ತಡಕಾಡುವವರೂ ಒಂದೇ ವೇಗದಲ್ಲಿ ಸಾಗಬೇಕು. ಬೋಧನಾ ಯಂತ್ರದ ಯೋಚನೆ ಅಲ್ಲಿಂದ ಬಂತು: ಪಾಠವನ್ನು ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಪ್ರತಿ ಹೆಜ್ಜೆಗೂ ಕೂಡಲೇ ಉತ್ತರ ತಿಳಿಸುವುದು, ಪ್ರತಿಯೊಬ್ಬನೂ ತನ್ನ ವೇಗದಲ್ಲಿ ಮುಂದೆ ಹೋಗುವುದು. ಎರಡನೆಯ ಅಂಕಣಕ್ಕೆ ಇಷ್ಟು ಸಾಕು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಇವತ್ತಿಗೂ ನಲವತ್ತು ಮಕ್ಕಳ ತರಗತಿಯಲ್ಲಿ ಆ ಎರಡು ದೂರುಗಳು ಹಾಗೇ ಇವೆ.

ಟೀಕೆಗೆ 'ಭಾವನೆಗೆ ಬೆಲೆಯಿಲ್ಲ' ಎಂದು ಬರೆಯುವ ಬದಲು ಅವರು ಬೆನ್ನಿ ಎಂಬ ಹುಡುಗನ ಕಥೆ ಬರೆದುಕೊಂಡರು. 1973ರಲ್ಲಿ ಸ್ಟ್ಯಾನ್ಲಿ ಅರ್ಲ್‌ವ್ಯಾಂಗರ್ ಪ್ರಕಟಿಸಿದ ಅಧ್ಯಯನ ಅದು. ಬೆನ್ನಿ ಎಂಬುದು ಅದರಲ್ಲಿ ಹುಡುಗನಿಗಿರುವ ಹೆಸರು. ಅಮೆರಿಕದ ಒಂದು ಶಾಲೆ, ಹನ್ನೆರಡು ವರ್ಷದ ಹುಡುಗ. ಸಣ್ಣ ಹೆಜ್ಜೆ, ಪರೀಕ್ಷೆ, ಮತ್ತೆ ಸಣ್ಣ ಹೆಜ್ಜೆ ಎಂಬ ಕ್ರಮದಲ್ಲೇ ವರ್ಷಗಟ್ಟಲೆ ಗಣಿತ ಕಲಿತವನು. ಶಿಕ್ಷಕಿಯ ಕಣ್ಣಿನಲ್ಲಿ ಚೆನ್ನಾಗಿ ಮುಂದುವರಿಯುತ್ತಿದ್ದವನು. ಅರ್ಲ್‌ವ್ಯಾಂಗರ್ ಕುಳಿತು ಮಾತಾಡಿಸಿದಾಗ ತಿಳಿದದ್ದು ಬೇರೆ. 5/10 ಅನ್ನು ದಶಮಾಂಶದಲ್ಲಿ ಬರೆ ಎಂದರೆ ಅವನು ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ 15 ಮಾಡಿ, ಚುಕ್ಕೆಯಿಟ್ಟು 1.5 ಎನ್ನುತ್ತಿದ್ದ. 400/400 ಅವನಿಗೆ 8.00. ಗಣಿತದ ಉತ್ತರಗಳು ಯಾರೋ ಮಾಡಿಟ್ಟ ನಿಯಮಗಳು, ಉತ್ತರದ ಪಟ್ಟಿಯಲ್ಲಿ ಏನಿದೆಯೋ ಅದನ್ನು ಊಹಿಸಿ ಮುಟ್ಟುವುದೇ ಆಟ ಎಂದು ಅವನು ನಂಬಿದ್ದ. ಪರೀಕ್ಷೆಯಲ್ಲಿ ಶೇಕಡಾ 80 ಸರಿಯಾದರೆ ಮುಂದಿನ ಹೆಜ್ಜೆಗೆ ಹೋಗಬಹುದಿತ್ತು. ಅವನು ಹೋಗುತ್ತಲೇ ಇದ್ದ.

ಪುಣೆಯ ಹುಡುಗನಿಗೂ ಇದು ಅನ್ವಯಿಸುತ್ತದೆಯೇ ಎಂದು ನೋಡಲು ಅವರು ಅವನ ಹಳೆಯ ವರ್ಕ್‌ಶೀಟ್ ತೆಗೆದರು. ಹತ್ತು ಲೆಕ್ಕಗಳಲ್ಲಿ ಆರು 58ರಲ್ಲಿ 23 ಕಳೆ ಎಂಬಂಥವು, ಹತ್ತರ ಮನೆಯಿಂದ ಏನನ್ನೂ ತರಬೇಕಿಲ್ಲದವು. ಅಲ್ಲಿ ಅವನ ತಪ್ಪು ನಿಯಮವೇ ಸರಿಯಾದ ಉತ್ತರ ಕೊಡುತ್ತದೆ. ಹತ್ತಕ್ಕೆ ಆರು, ಕೆಂಪು ಶಾಯಿಯಲ್ಲಿ 'ಛಾನ್'. ವರ್ತನಾವಾದದ ಮಾತೇ ನಿಜವಾದರೆ ಆ 'ಛಾನ್' ಗಟ್ಟಿ ಮಾಡಿದ್ದು ಯಾವುದನ್ನು? ಉತ್ತರವನ್ನೋ, ಉತ್ತರ ತಂದ ನಿಯಮವನ್ನೋ? ಹೊರಗಿನ ವರ್ತನೆಯನ್ನಷ್ಟೇ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣದು. ಟೀಕೆ ಮೂಲ ಮಾತನ್ನು ಮುಟ್ಟುವುದು ಇಲ್ಲಿ.

ಪಿಯಾಜೆಯ ಮಾತು ಇದರ ಎದುರು ದಿಕ್ಕಿನದು. ಮಗು ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ. ಹೊಸದನ್ನು ಮೊದಲು ತನ್ನ ಹಳೆಯ ಚೌಕಟ್ಟಿನೊಳಗೆ ತುರುಕಲು ನೋಡುತ್ತದೆ, ಅದು ಹಿಡಿಸದಿದ್ದಾಗ ಚೌಕಟ್ಟನ್ನೇ ಬದಲಿಸುತ್ತದೆ. ಹುಡುಗನ 35 ಈ ಕಣ್ಣಿಗೆ ತುಂಬ ಅರ್ಥವಾಗುವ ವಸ್ತು. ಒಂದು ಅಂಕಿಯ ಲೆಕ್ಕ ಕಲಿಯುವಾಗ 'ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು' ಎಂದು ಅವನಿಗೆ ಹೇಳಿದ್ದಾರೆ. ಅವನು ಕೇಳಿದ್ದಾನೆ. ಅದನ್ನೇ ಎರಡು ಅಂಕಿಗೆ ಹೊತ್ತು ತಂದಿದ್ದಾನೆ. ಹಾಗಾದರೆ ಶಿಕ್ಷಕಿ ಮಾಡಬೇಕಾದದ್ದು ಚೌಕಟ್ಟು ಹಿಡಿಸದಂಥ ಸಂದರ್ಭ ಒಡ್ಡುವುದು. ಅವರು ಹತ್ತರ ಐದು ಕಟ್ಟು ಕಡ್ಡಿ, ಬಿಡಿಯಾಗಿ ಎರಡು ಕಡ್ಡಿ ಕೊಟ್ಟು 27 ತೆಗೆಯಲು ಹೇಳಿದರು. ಹುಡುಗ ಸ್ವಲ್ಪ ಹೊತ್ತು ನೋಡಿ, ಒಂದು ಕಟ್ಟು ಬಿಚ್ಚಿ, 25 ಉಳಿಸಿದ. ಪಕ್ಕದಲ್ಲಿ ಅವನದೇ ವಹಿಯ 35 ಇತ್ತು. ಎರಡರಲ್ಲಿ ಯಾವುದು ಸರಿ ಎಂದು ಕೇಳಿದರು. 'ಕಡ್ಡಿಯದ್ದು 25, ವಹಿಯದ್ದು 35' ಎಂದ, ಯಾವ ಗೊಂದಲವೂ ಇಲ್ಲದೆ.

ಇದಕ್ಕಿಂತ ಒಳ್ಳೆಯ ಟೀಕೆ ಯಾವ ಪುಸ್ತಕದಲ್ಲಿ ಸಿಗಬೇಕು? ವಿರೋಧ ದೊಡ್ಡವರಿಗೆ ಕಾಣುತ್ತದೆ. ಮಗುವಿಗೆ ಅದು ವಿರೋಧ ಎಂದು ಅನಿಸಲೇಬೇಕೆಂದಿಲ್ಲ. ಅವನಿಗೆ ಕಡ್ಡಿಯ ಲೋಕ ಒಂದು, ವಹಿಯ ಲೋಕ ಇನ್ನೊಂದು.

ಪುಸ್ತಕದಲ್ಲಿದ್ದ ಟೀಕೆಯೂ ಸಣ್ಣದಲ್ಲ. ಪಿಯಾಜೆ ಎರಡು ಸಾಲು ಗುಂಡಿಗಳನ್ನು ಸಮನಾಗಿ ಜೋಡಿಸಿ, ಒಂದು ಸಾಲನ್ನು ಅಗಲಿಸಿ, ಈಗ ಯಾವುದರಲ್ಲಿ ಹೆಚ್ಚಿವೆ ಎಂದು ಕೇಳುವ ಬಗೆಯ ಪ್ರಯೋಗಗಳಿಂದ ಹೆಸರಾದವರು. ಚಿಕ್ಕ ಮಕ್ಕಳು ಅಗಲವಾದ ಸಾಲನ್ನು ತೋರಿಸುತ್ತಾರೆ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅದೇ ಪ್ರಯೋಗವನ್ನು ಒಂದು ತುಂಟ ಕರಡಿ ಗೊಂಬೆ ಬಂದು ಸಾಲನ್ನು ಕೆಡಿಸಿದಂತೆ ಮಾಡಿದರು. ದೊಡ್ಡವರೇ ಸಾಲು ಅಗಲಿಸಿದಾಗ ಸರಿ ಹೇಳಿದವರು ಹತ್ತರಲ್ಲಿ ಇಬ್ಬರೂ ಇರಲಿಲ್ಲ. ಗೊಂಬೆ ಕೆಡಿಸಿದಾಗ ಹತ್ತರಲ್ಲಿ ಸುಮಾರು ಆರು ಮಕ್ಕಳು ಸರಿ ಹೇಳಿದರು. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೆಂದು ಮಗು ತಿಳಿಯುತ್ತದೆ. ಗೊಂಬೆಯ ಕಡೆ ನೋಡುತ್ತಾ ಮಕ್ಕಳು ಸಾಲನ್ನೇ ಗಮನಿಸಲಿಲ್ಲ ಎಂದು ಆಮೇಲೆ ಕೆಲವರು ವಾದಿಸಿದರು. ಹಾಗಿದ್ದರೂ, 'ಈ ವಯಸ್ಸಿನ ಮಗುವಿಗೆ ಇದು ಬಾರದು' ಎಂಬ ಮಾತಿನ ಹಿಂದೆ 'ಈ ಪ್ರಶ್ನೆಯನ್ನು ಯಾರು, ಹೇಗೆ ಕೇಳಿದರು' ಎಂಬುದು ಇದ್ದೇ ಇರುತ್ತದೆ ಎಂಬುದಂತೂ ಸ್ಪಷ್ಟವಾಯಿತು.

ವೈಗೋಟ್‌ಸ್ಕಿ ಬಗ್ಗೆ ಹಳೆಯ ನೋಟ್ಸ್‌ಗಳೆಲ್ಲ 'ಸ್ಕ್ಯಾಫೋಲ್ಡಿಂಗ್' ಎಂಬ ಪದದಿಂದ ಶುರುವಾಗುತ್ತಿದ್ದವು. ಅದು ಅವರ ಪದವಲ್ಲ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಬಳಸಿದ್ದು. ವೈಗೋಟ್‌ಸ್ಕಿ ತೀರಿಕೊಂಡದ್ದೇ 1934ರಲ್ಲಿ, 37ರ ವಯಸ್ಸಿನಲ್ಲಿ. ಅವರ ಮೂಲ ಮಾತು ಸಹಾಯ ಮಾಡಿ ಎಂಬುದಲ್ಲ. ಅಷ್ಟನ್ನು ಹೇಳಲು ಸಿದ್ಧಾಂತ ಬೇಕಿಲ್ಲ, ಮನೆಯ ಅಜ್ಜಿ ಸಾಕು. ಮಗು ಮೊದಲು ಇನ್ನೊಬ್ಬರ ಜೊತೆ ಮಾಡಿದ್ದು ಆಮೇಲೆ ಅದರ ಒಳಗಿನದಾಗುತ್ತದೆ, ಮಾತು ಈ ದಾಟುವಿಕೆಯ ಮುಖ್ಯ ಸಾಧನ ಎಂಬುದು ಮೂಲ ಮಾತು. ಅವರು ಕೊಡುವ ಉದಾಹರಣೆಯಲ್ಲಿ ಇಬ್ಬರು ಮಕ್ಕಳು ಒಂಟಿಯಾಗಿ ಎಂಟು ವರ್ಷದ ಮಟ್ಟದ ಲೆಕ್ಕ ಮಾಡುತ್ತಾರೆ. ಸಹಾಯ ಕೊಟ್ಟರೆ ಒಬ್ಬ ಒಂಬತ್ತರ ಮಟ್ಟಕ್ಕೆ, ಇನ್ನೊಬ್ಬ ಹನ್ನೆರಡರ ಮಟ್ಟಕ್ಕೆ ಮುಟ್ಟುತ್ತಾನೆ. ಅವರಿಬ್ಬರೂ ಸಮಾನರೇ?

ತರಗತಿಯಲ್ಲಿ ಇನ್ನೊಬ್ಬ ಹುಡುಗಿಯೂ 35 ಬರೆದಿದ್ದಳು. ವಹಿಯಲ್ಲಿ ಇಬ್ಬರಿಗೂ ಒಂದೇ ತಪ್ಪು, ಒಂದೇ ಅಂಕ. 'ಎರಡು ಬಿಡಿ ಇದೆ, ಏಳು ಹೇಗೆ ಕೊಡುತ್ತೀ?' ಎಂದಷ್ಟೇ ಕೇಳಿದಾಗ ಹುಡುಗಿ ತಾನೇ 5ನ್ನು ಹೊಡೆದು 4 ಮಾಡಿದಳು. ಹುಡುಗನಿಗೆ ಕಡ್ಡಿಯ ಒಂದೊಂದು ನಡೆಯನ್ನೂ ವಹಿಯಲ್ಲಿ ಪಕ್ಕದಲ್ಲೇ ಬರೆಸಬೇಕಾಯಿತು. ಕಟ್ಟು ಬಿಚ್ಚಿದೆಯಾ, ಹಾಗಾದರೆ ಇಲ್ಲಿ 5 ಈಗ ಎಷ್ಟು? ಬಿಡಿ ಈಗ ಎಷ್ಟು? ನಾಲ್ಕನೆಯ ಲೆಕ್ಕಕ್ಕೆ ಪ್ರಶ್ನೆಯನ್ನು ಅವನೇ ಗುನುಗಲು ಶುರು ಮಾಡಿದ.

ಇಲ್ಲಿ ಕನ್ನಡದವರಿಗೆ ಮಾತ್ರ ಹೊಳೆಯುವ ಒಂದು ಸಂಗತಿ ಇತ್ತು. ಕನ್ನಡದಲ್ಲಿ ಐವತ್ತೆರಡು: ಮೊದಲು ಹತ್ತು, ಆಮೇಲೆ ಬಿಡಿ, ಬರೆದಂತೆಯೇ. ಮರಾಠಿಯಲ್ಲಿ ಬಾವನ್ನ, ಸತ್ತಾವೀಸ: ಬಿಡಿ ಮೊದಲು. ಕಿವಿಗೆ ಬೀಳುವುದು ಒಂದು ಕ್ರಮ, ಕೈ ಬರೆಯುವುದು ಇನ್ನೊಂದು. ಪುಣೆಯ ಬಾಲಭಾರತಿ 2019ರಲ್ಲಿ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ಹತ್ತು ಮೊದಲು ಬರುವ ಹೆಸರುಗಳನ್ನೂ ತಂದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಆಯಿತು. ಮಾತು ಯೋಚನೆಯ ಸಾಧನ ಎಂಬ ಸಾಲಿಗೆ ಅವರು ಈ ಉದಾಹರಣೆ ಬರೆದರು. ಆದರೆ ಹುಡುಗನ ತಪ್ಪಿಗೆ ಅದೇ ಕಾರಣ ಎಂದು ಬರೆಯಲಿಲ್ಲ. ಕನ್ನಡ ಶಾಲೆಗಳಲ್ಲೂ ಮಕ್ಕಳು 35 ಬರೆಯುತ್ತಾರೆ.

ಟೀಕೆಯ ಅಂಕಣ ಇಲ್ಲಿ ಎಲ್ಲಕ್ಕಿಂತ ಕಷ್ಟವಾಯಿತು. ದೊಡ್ಡ ತರಗತಿಯಲ್ಲಿ ಕಷ್ಟ ಎಂಬುದು ನಿಜ, ಆದರೆ ಅದು ಶಾಲೆಯ ಕಷ್ಟ, ಸಿದ್ಧಾಂತದ ದೋಷವಲ್ಲ. ಸಿದ್ಧಾಂತದೊಳಗಿನ ತೊಡಕು ಸಹಾಯಕ್ಕೆ ಅಳತೆಯಿಲ್ಲ ಎಂಬುದು. ಹುಡುಗಿಗೆ ಕೇಳಿದ ಒಂದು ಪ್ರಶ್ನೆಯೂ ಸಹಾಯ, ಹುಡುಗನಿಗೆ ಹೇಳಿಸಿದ ಇಪ್ಪತ್ತು ನಡೆಗಳೂ ಸಹಾಯ. ಇಪ್ಪತ್ತನೆಯದರ ನಂತರ ಉಳಿದದ್ದು ಮಗುವಿನ ಸಾಮರ್ಥ್ಯವೋ ಶಿಕ್ಷಕಿಯದೋ? ತಿಳಿಯಲು ಒಂದೇ ದಾರಿ, ಸಹಾಯ ತೆಗೆದು ನೋಡುವುದು. ಅಂದರೆ ಮಗು ಒಂಟಿಯಾಗಿ ಮಾಡುವ, ಹೊರಗೆ ಕಾಣುವ ಕೆಲಸಕ್ಕೇ ಮರಳಿ ಬಂದಂತಾಯಿತು. ಸ್ಕಿನ್ನರ್ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಂತೆ.

ಹೀಗೆ ಬರೆದ ಕೋಷ್ಟಕ ಎರಡು ಪುಟ ದಾಟಿತು. ಅವರು ಕೊರೆದದ್ದು ಎರಡನೆಯ ಅಂಕಣವನ್ನು. ಕಡ್ಡಿ ಕೊಡುವುದು, ತಕ್ಷಣ ತಿದ್ದುವುದು, ಜೋಡಿಯಲ್ಲಿ ಕೂರಿಸುವುದು ಮೂರು ಸಿದ್ಧಾಂತದಲ್ಲೂ ಬರುತ್ತವೆ, ಮಾಡುವ ಕಾರಣ ಮಾತ್ರ ಬೇರೆ. ಹಾಗಾಗಿ ಚಟುವಟಿಕೆಯ ಹೆಸರು ಬಿಟ್ಟು ಕಾರಣವನ್ನಷ್ಟೇ ಉಳಿಸಿದರು. ಮುಂದಿನ ವಾರದ ಪಾಠಕ್ಕೆ ವರ್ಕ್‌ಶೀಟ್ ಬದಲಾಯಿತು: ಹತ್ತು ಲೆಕ್ಕಗಳಲ್ಲಿ ಎಂಟಕ್ಕೆ ಹತ್ತರ ಮನೆಗೆ ಹೋಗಲೇಬೇಕು, ಪ್ರತಿಯೊಂದರ ಕೆಳಗೆ ಕೂಡಿಸಿ ತಾಳೆ ನೋಡಲು ಒಂದು ಗೆರೆ. ಹುಡುಗ 71ರಲ್ಲಿ 38 ಕಳೆದು 47 ಎಂದು ಬರೆದ. ಕೆಳಗಿನ ಗೆರೆಯ ಮೇಲೆ 47ಕ್ಕೆ 38 ಕೂಡಿಸಿ 85 ಎಂದು ಬರೆದ. 71ನ್ನೂ 85ನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಂದು ಕಡ್ಡಿಯ ಕಟ್ಟು ಕೇಳಿದ.