ನೋವು ಹೋಯ್ತು, ಕಾಲು ಇನ್ನೂ ಬಂದಿರಲಿಲ್ಲ

ನಮ್ಮೂರಲ್ಲಿ ಗಣೇಶನ ಹಬ್ಬದ ಮಾರನೇ ದಿನ ಶಾಲೆ ಬಯಲಿನಲ್ಲಿ ಆಟೋಟ ಇರುತ್ತೆ. ಮಡಕೆ ಒಡೆಯೋದು, ಹಗ್ಗಜಗ್ಗಾಟ ಎಲ್ಲ ಮುಗಿದ ಮೇಲೆ ಕೊನೆಗೆ ‘ಮದುವೆಯಾದ ಗಂಡಸರಿಗೆ ನೂರು ಮೀಟರ್ ಓಟ’. ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟದವರೆಗೂ ಓಡಿದ್ದವನು ನಾನು. ಆಮೇಲೆ ಬಿಇ, ಬೆಂಗಳೂರು, ಕುರ್ಚಿ. ಹದಿನೈದು ವರ್ಷದಿಂದ ಬಸ್ಸಿನ ಹಿಂದೆ ಬಿಟ್ಟರೆ ಬೇರೆಲ್ಲೂ ಓಡಿದವನಲ್ಲ. ಆದರೂ ಹೆಸರು ಕೂಗಿದ ತಕ್ಷಣ ಪ್ಯಾಂಟ್ ಮಡಚಿ ಗೆರೆ ಮೇಲೆ ನಿಂತೆ.

ಅರವತ್ತು ಮೀಟರ್‌ವರೆಗೂ ನಾನೇ ಮುಂದೆ. ಆಗ ಬಲ ತೊಡೆಯ ಹಿಂದೆ ಯಾರೋ ಕಲ್ಲು ಬೀಸಿದ ಹಾಗಾಯ್ತು. ನಿಜವಾಗಲೂ ತಿರುಗಿ ನೋಡಿದೆ. ಹಿಂದೆ ಇದ್ದವರು ಏದುಸಿರು ಬಿಡ್ತಾ ಓಡಿ ಬರ್ತಿದ್ದರು ಅಷ್ಟೇ, ಕಲ್ಲೂ ಇಲ್ಲ, ಏನೂ ಇಲ್ಲ. ಇನ್ನೊಂದು ಹೆಜ್ಜೆ ಇಡೋಕೆ ಹೋಗಿ ಕೂತುಬಿಟ್ಟೆ.

ಅಮ್ಮ ನೋಡಿದವರೇ, “ಉಳುಕಿದೆ ಕಣೋ, ಹರಳೆಣ್ಣೆ ಬಿಸಿ ಮಾಡಿ ತಿಕ್ತೀನಿ ಬಾ” ಅಂದರು. ತಿಕ್ಕಿದರು ಕೂಡ, ಗಟ್ಟಿಯಾಗಿ. ಬೆಳಗ್ಗೆ ಎದ್ದಾಗ ತೊಡೆ ಊದಿತ್ತು. ಮೂರನೇ ದಿನ ಬೆಂಗಳೂರಿಗೆ ಬರುವ ಹೊತ್ತಿಗೆ ತೊಡೆಯ ನಡುವಿಂದ ಮೊಣಕಾಲಿನ ಹಿಂದಿನವರೆಗೆ ನೇರಳೆ ಹಣ್ಣು ಒರೆಸಿದ ಹಾಗೆ ಕಲೆ ಇಳಿದಿತ್ತು.

ಫಿಸಿಯೋ ಮೇಡಂ ಎಣ್ಣೆಯ ಕಥೆ ಕೇಳಿ ತಲೆ ಚಚ್ಚಿಕೊಂಡರು. ಹರಿದ ಮಾಂಸದೊಳಗೆ ಇನ್ನೂ ರಕ್ತ ಜಿನುಗುವಾಗ ಬಿಸಿ ಮಾಡಿ ತಿಕ್ಕಿದರೆ ಅದು ಇನ್ನಷ್ಟು ಸೋರುತ್ತೆ. ಮೊದಲ ಎರಡು ಮೂರು ದಿನ ಬೇಕಿರೋದು ಬಿಗಿಯಾದ ಪಟ್ಟಿ, ಬಟ್ಟೆಯಲ್ಲಿ ಸುತ್ತಿದ ಐಸು, ನೋಯದಷ್ಟು ನಡಿಗೆ, ಅಷ್ಟೇ.

ಆಮೇಲೆ ಪರೀಕ್ಷೆ ಶುರುವಾಯ್ತು. ಪಟ್ ಅಂತ ಸದ್ದು ಕೇಳಿಸ್ತಾ? ಬಿದ್ದ ಮೇಲೆ ನಡೆಯೋಕೆ ಆಯ್ತಾ? ಬೋರಲು ಮಲಗಿಸಿ ಎಲ್ಲಿ ಒತ್ತಿದರೆ ನೋವು ಅಂತ ಬೆರಳಿನಿಂದ ಹುಡುಕಿದರು. ಮೊಣಕಾಲು ಮಡಚು ಅಂತ ಹೇಳಿ ಹಿಮ್ಮಡಿಯನ್ನು ಕೈಯಲ್ಲಿ ತಡೆದರು. ಎಡಗಾಲು ಅವರ ಕೈಯನ್ನೇ ತಳ್ಳಿತು, ಬಲಗಾಲು ಅರ್ಧಕ್ಕೇ ಸೋತಿತು. ಕೊನೆಗೆ ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಎತ್ತಿದರು. ಎಡಗಾಲು ಎಷ್ಟು ಮೇಲೆ ಹೋಯ್ತೋ ಅದರ ಅರ್ಧಕ್ಕೇ ಬಲಗಾಲಿನಲ್ಲಿ ನಾನು “ಅಯ್ಯೋ” ಅಂದೆ.

“ಗ್ರೇಡ್ ಎರಡು” ಅಂದರು. ಮೊದಲನೇ ಗ್ರೇಡ್ ಅಂದರೆ ಕೆಲವೇ ನಾರು ಹರಿದಿರೋದು. ನೋವಿರುತ್ತೆ, ಆದರೆ ಶಕ್ತಿ ಹೆಚ್ಚು ಕಮ್ಮಿ ಹಾಗೇ ಇರುತ್ತೆ, ಸಾಮಾನ್ಯವಾಗಿ ಒಂದರಿಂದ ಮೂರು ವಾರದ ಮಾತು. ಎರಡನೇದು ಅರೆಬರೆ ಹರಿದದ್ದು: ಕುಂಟು, ಕಲೆ, ಬಲ ಕಡಿಮೆ. ನಾಲ್ಕರಿಂದ ಎಂಟು ವಾರ ಹಿಡಿಯಬಹುದು. ಮೂರನೇದು ಪೂರ್ತಿ ಹರಿದದ್ದು, ತಿಂಗಳುಗಟ್ಟಲೆ. ಅದರಲ್ಲೂ ನಾವು ಕೂರುವಾಗ ನೆಲಕ್ಕೆ ತಾಗುವ ಮೂಳೆಯಿಂದಲೇ ಸ್ನಾಯು ಕಿತ್ತು ಬಂದಿದ್ದರೆ ಆಪರೇಷನ್ನೇ ಬೇಕಾಗಬಹುದು. ಕೂರೋಕೇ ಆಗದಷ್ಟು ನೋವು ಪೃಷ್ಠದ ಕೆಳಗೇ ಇದ್ದರೆ, ಮುಟ್ಟಿದಾಗ ಹಳ್ಳ ಸಿಕ್ಕರೆ, ಕಾಲು ಜೋಮು ಹಿಡಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಬೇಕು. ನನಗೆ ಅದ್ಯಾವುದೂ ಇರಲಿಲ್ಲ, ಸ್ಕ್ಯಾನ್ ಬೇಡ ಅಂದರು.

ಓಡುವಾಗಲೇ ಯಾಕೆ ಹರಿಯುತ್ತೆ ಅಂತ ಕೇಳಿದೆ. ಹ್ಯಾಮ್‌ಸ್ಟ್ರಿಂಗ್ ಅನ್ನೋದು ತೊಡೆಯ ಹಿಂದಿನ ಮೂರು ಸ್ನಾಯುಗಳ ಗುಂಪು. ವೇಗದ ಓಟದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನೋದು ಹೊರಬದಿಯದು. ಕಾಲು ಮುಂದಕ್ಕೆ ಬೀಸಿ, ಪಾದ ನೆಲ ಮುಟ್ಟುವ ಸ್ವಲ್ಪ ಮೊದಲು, ಆ ಬೀಸುವ ಕಾಲನ್ನು ತಡೆದು ನಿಲ್ಲಿಸೋದು ಇವುಗಳ ಕೆಲಸ. ಅಂದರೆ ಉದ್ದವಾಗ್ತಾ ಇರುವಾಗಲೇ ಬಿಗಿ ಹಿಡಿಯಬೇಕು. ನನಗೆ ಅಪ್ಪ ಬಂಡಿ ಹೊಡೆಯುವಾಗ ಹೇಳ್ತಿದ್ದದ್ದು ನೆನಪಾಯ್ತು: ಏರಿನಲ್ಲಿ ಎಳೆಯೋದಕ್ಕಿಂತ ಇಳಿಜಾರಿನಲ್ಲಿ ಬಂಡಿ ತಡೆಯೋದೇ ಎತ್ತಿಗೆ ಕಷ್ಟ. ಹದಿನೈದು ವರ್ಷ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತನ್ನು ನಾನು ಒಮ್ಮೆಗೇ ಇಳಿಜಾರಿಗೆ ಬಿಟ್ಟಿದ್ದೆ.

ಮೊದಲ ವಾರ ಮಾಡಿದ್ದು ಸೊನ್ನೆ ಅನ್ನಿಸುವಂಥ ಕೆಲಸ. ಮಲಗಿ, ಮೊಣಕಾಲು ಸ್ವಲ್ಪ ಮಡಚಿ, ಹಿಮ್ಮಡಿಯನ್ನು ಚಾಪೆಗೆ ಒತ್ತಿ ಹಿಡಿಯೋದು, ಬಿಡೋದು. ಎರಡನೇ ವಾರ ಸೊಂಟ ಎತ್ತುವುದು, ಮೊದಲು ಎರಡೂ ಕಾಲಿನ ಮೇಲೆ, ಆಮೇಲೆ ಒಂದರ ಮೇಲೆ. ಹದಿನೈದನೇ ದಿನಕ್ಕೆ ಮೆಟ್ಟಿಲು ಹತ್ತಿದರೂ ನೋವಿಲ್ಲ. ಹದಿನೆಂಟನೇ ದಿನ ಸಂಜೆ ಸ್ಟಾಪಿನಿಂದ ಬಸ್ಸು ಹೊರಟಿತ್ತು. ಹತ್ತು ಹೆಜ್ಜೆ ಓಡಿದೆ ಅಷ್ಟೇ, ಅದೇ ಜಾಗದಲ್ಲಿ ಮತ್ತೆ ಚುಳುಕ್ ಅಂತು. ಬಸ್ಸೂ ಸಿಗಲಿಲ್ಲ.

ಮೇಡಂ ಬೈಯಲಿಲ್ಲ. “ನೋವು ಹೋಗಿದೆ, ಕಾಲು ಇನ್ನೂ ಬಂದಿಲ್ಲ” ಅಂದರು. ನೋವು ಬೇಗ ಹೋಗುತ್ತೆ, ಆದರೆ ಹರಿದ ಜಾಗದಲ್ಲಿ ಕೂಡಿರೋ ಹೊಸ ನಾರು ಇನ್ನೂ ಹಸಿ. ನಡಿಗೆಗೆ, ಮೆಟ್ಟಿಲಿಗೆ ಅದು ಸಾಕು, ಬೀಸುವ ಕಾಲನ್ನು ತಡೆಯೋಕೆ ಸಾಲದು. ಈ ಗಾಯ ಮರುಕಳಿಸೋದು ಬಹಳ ಸಾಮಾನ್ಯ, ಅದಕ್ಕೆ ಕಾರಣವೂ ಬಹುಪಾಲು ಇದೇ ಆತುರ. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಎಚ್ಚರಿಕೆಯ ಸಂದೇಶ ಬರೋದು ನಿಂತಿದೆ ಅಂದ ಮಾತ್ರಕ್ಕೆ ಬಗ್ ಹೋಗಿದೆ ಅಂತಲ್ಲ.

ಈ ಸಲ ಹಿಂದಿನಿಂದ ಶುರು ಮಾಡಿದ್ವಿ. ಒಂದು ವಾರ ಮತ್ತೆ ಚಾಪೆ. ಆಮೇಲೆ ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ರೂಪಿಸಿದ ಮೂರು ವ್ಯಾಯಾಮ. ಸ್ನಾಯುವನ್ನು ಉದ್ದ ಮಾಡ್ತಾ ಮಾಡ್ತಾ ಬಲಪಡಿಸೋದು ಅವುಗಳ ಗುಟ್ಟು. ಒಂದರಲ್ಲಿ ಅಂಗಾತ ಮಲಗಿ ತೊಡೆಯನ್ನು ಕೈಯಲ್ಲಿ ಹಿಡಿದು ಮೊಣಕಾಲನ್ನು ನಿಧಾನ ಬಿಚ್ಚೋದು. ಇನ್ನೊಂದರಲ್ಲಿ ಗಾಯದ ಕಾಲಿನ ಮೇಲೆ ನಿಂತು, ಕೈ ಮುಂದೆ ಚಾಚಿ, ಸೊಂಟದಿಂದ ಬಾಗೋದು, ಇನ್ನೊಂದು ಕಾಲು ಹಿಂದಕ್ಕೆ. ಮೂರನೇದಕ್ಕೆ ಕಾಲುಚೀಲ ಹಾಕಿ, ಗಾಯದ ಕಾಲಿನ ಹಿಮ್ಮಡಿ ಮೇಲೆ ಭಾರ ಬಿಟ್ಟು, ಇನ್ನೊಂದು ಪಾದವನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸೋದು. ಅಂಥ ನುಣುಪು ನೆಲ ನಮ್ಮ ಮನೆಯಲ್ಲಿ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಒಗ್ಗರಣೆ ಹಾಕ್ತಿದ್ದ ಹೆಂಡತಿ, “ಇದೇನ್ರೀ ಯಕ್ಷಗಾನ?” ಅಂತ ನಕ್ಕಳು.

ಆಮೇಲೆ ಓಟ, ಅದೂ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಜಾಗಿಂಗ್, ನಂತರ ಅರ್ಧ ವೇಗ, ಮುಕ್ಕಾಲು ವೇಗ. ಮಾರನೇ ಬೆಳಗ್ಗೆ ಬಿಗಿತ ಇದ್ದರೆ ಒಂದು ಮೆಟ್ಟಿಲು ವಾಪಸ್. ಪೂರ್ತಿ ವೇಗಕ್ಕೆ ಬಿಡೋ ಮೊದಲು ಆಸ್ಕ್ಲಿಂಗ್ ಅವರದೇ ಒಂದು ಪರೀಕ್ಷೆ: ಅಂಗಾತ ಮಲಗಿ, ಮೊಣಕಾಲು ಮಡಚದಂತೆ ಕಟ್ಟಿ, ನೇರ ಕಾಲನ್ನು ಆದಷ್ಟು ಜೋರಾಗಿ ಮೇಲಕ್ಕೆ ಬೀಸಬೇಕು. ನೋವಾಯ್ತಾ ಅಂತ ಮಾತ್ರ ಅಲ್ಲ, ಭಯ ಆಯ್ತಾ ಅಂತಲೂ ಕೇಳ್ತಾರೆ. ಏಳನೇ ವಾರ ನನಗೆ ನೋವಿರಲಿಲ್ಲ, ಆದರೆ ಮೇಲೆ ಹೋಗ್ತಾ ಕಾಲು ತಾನೇ ಅಳುಕಿತು. “ಇನ್ನೂ ಇಲ್ಲ” ಅಂದರು. ಒಂಬತ್ತನೇ ವಾರ ಯೋಚನೆಯೇ ಇಲ್ಲದೆ ಬೀಸಿದೆ. ಅವತ್ತು ಪಾರ್ಕಿನಲ್ಲಿ ಅರವತ್ತು ಮೀಟರ್ ಓಡಿದೆ. ಅರವತ್ತು ದಾಟಿ ಇನ್ನೂ ನಾಲ್ಕು ಹೆಜ್ಜೆ ಇಟ್ಟೆ, ಸುಮ್ಮನೆ.

ಈಗಲೂ ವಾರಕ್ಕೆ ಎರಡು ಸಲ ಮಂಡಿಯೂರಿ ಕೂರ್ತೀನಿ. ಹೆಂಡತಿ ಹಿಮ್ಮಡಿ ಹಿಡೀತಾಳೆ, ನಾನು ಮೈ ನೇರ ಇಟ್ಟು ಆದಷ್ಟು ನಿಧಾನ ಮುಂದಕ್ಕೆ ಬಾಗ್ತೀನಿ, ತಡೆಯೋಕಾಗದೇ ಹೋದಾಗ ಕೈ ಊರ್ತೀನಿ. ಇದಕ್ಕೆ ನಾರ್ಡಿಕ್ ಅಂತ ಹೆಸರು, ಇಳಿಜಾರಿನಲ್ಲಿ ಬಂಡಿ ತಡೆಯುವ ಅಭ್ಯಾಸ.

ಮೊನ್ನೆ ಅಮ್ಮ ಫೋನ್ ಮಾಡಿದ್ದರು. ಪಕ್ಕದ ಮನೆ ಹುಡುಗ ಕಬಡ್ಡಿ ಆಡ್ತಾ ತೊಡೆ ಹಿಡ್ಕೊಂಡು ಬಿದ್ದನಂತೆ. “ಎಣ್ಣೆ ತಿಕ್ಕಬೇಡಿ, ಮೊದಲು ಪಟ್ಟಿ ಕಟ್ಟಿ ಅಂದೆ ಕಣೋ. ಸರಿ ತಾನೇ?” ಅಂದರು.