ತುಂಡಾದ ಸಂದೇಶದ ಕೊನೆಯ ಮಾತು

ಕಬ್ಬಿಣದ ಕಾರ್ಖಾನೆಗೆ ದುಡಿಯಲು ಬಂದು ನೆಲೆಸಿದ ತಮಿಳು ಮನೆಗಳು ಭದ್ರಾವತಿಯಲ್ಲಿ ಬಹಳ. ಮನೆಯೊಳಗೆ ತಮಿಳು, ಹೊಸ್ತಿಲಾಚೆ ಕನ್ನಡ. ನಮ್ಮ ಕಾಸರಗೋಡಿನಲ್ಲಿ ಕನ್ನಡದ ಜೊತೆಗೆ ಮಲಯಾಳ ಹೇಗೋ ಹಾಗೆ. ಈ ಮೂರು ಭಾಷೆಗಳಲ್ಲೂ ಬೇಕು-ಬೇಡದ ತೀರ್ಮಾನ ವಾಕ್ಯದ ತುದಿಗೇ ಬರುತ್ತದೆ. ಕನ್ನಡದ ಬರಬೇಕು, ಬರಬೇಡ ತಮಿಳಿನಲ್ಲಿ ವರವೇಂಡುಂ, ವರವೇಂಡಾಂ. ಮಲಯಾಳದಲ್ಲಿ ವರಣಂ, ವರೇಂಡ. ಇಂಗ್ಲಿಷಿನಲ್ಲಿ ಬೇಡ ಅನ್ನುವುದು ಸಾಮಾನ್ಯವಾಗಿ ಮೊದಲೇ ಬಂದುಬಿಡುತ್ತದೆ. ಹಾಗಾಗಿ ತುದಿ ತುಂಡಾದರೆ ನಮಗೇ ಹೆಚ್ಚು ನಷ್ಟ.

ಶಿವಮೊಗ್ಗದಲ್ಲಿರುವ ಅಣ್ಣ ಭದ್ರಾವತಿಯ ತಂಗಿಗೆ ಎಸ್ಸೆಮ್ಮೆಸ್ ಕಳಿಸಿದ ಎಂದಿಟ್ಟುಕೊಳ್ಳಿ: "ಭದ್ರಾವತಿಯಿಂದ ಅಮ್ಮನನ್ನು ನಾಳೆ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಬರುವುದು ಬೇಡ, ಡಾಕ್ಟರು ರಜೆ."

ಒಂದು ಎಸ್ಸೆಮ್ಮೆಸ್ಸಿಗೆ ಇರುವ ಜಾಗ 140 ಬೈಟು. ಕನ್ನಡದ ಪ್ರತಿಯೊಂದು ಅಕ್ಷರ, ಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು, ಎಲ್ಲಕ್ಕೂ ಎರಡೆರಡು ಬೈಟು ಬೇಕು. ಹಾಗಾಗಿ ಹಿಡಿಸುವುದು 70 ಮಾತ್ರ. ಅದನ್ನು ಮೀರಿದರೆ ಸಂದೇಶ ಭಾಗವಾಗುತ್ತದೆ, ಪ್ರತಿ ಭಾಗದಲ್ಲೂ ಸಾಮಾನ್ಯವಾಗಿ 6 ಬೈಟು ಜೋಡಣೆಯ ಮಾಹಿತಿಗೆ ಹೋಗಿ 67 ಉಳಿಯುತ್ತದೆ. ಅಣ್ಣನ ಸಂದೇಶವನ್ನು ಎಣಿಸಿ ನೋಡಿ: 67ನೆಯದು "ಬರುವುದು" ಎಂಬುದರ ಕೊನೆಯ ಉಕಾರ. "ಬೇಡ" ಎರಡನೆಯ ಭಾಗಕ್ಕೆ ಬಿತ್ತು. ಆ ಭಾಗ ದಾರಿಯಲ್ಲೇ ಕಳೆದುಹೋಯಿತು.

ಮುಂದಿನ ಪದವನ್ನು ಊಹಿಸುವ ತಂತ್ರಾಂಶಕ್ಕೆ ಈ ಅರ್ಧ ವಾಕ್ಯ ಕೊಟ್ಟರೆ ಅದು ಅಣ್ಣನ ಮನಸ್ಸನ್ನು ಹುಡುಕುವುದಿಲ್ಲ. ತಾನು ಓದಿದ ರಾಶಿ ಬರಹದಲ್ಲಿ ಇಂಥ ಮಾತುಗಳ ಬೆನ್ನಿಗೆ ಏನೇನು ಬಂದಿತ್ತು ಎಂದು ತೂಗುತ್ತದೆ. ಆಸ್ಪತ್ರೆ, ಅಮ್ಮ, ನಾಳೆ ಎಂದಮೇಲೆ ಕರೆದುಕೊಂಡು ಬರುವವರೇ ಹೆಚ್ಚು. ಆದ್ದರಿಂದ "ಬರುವುದು ಒಳ್ಳೆಯದು, ತಡ ಮಾಡಬೇಡ" ಎಂದು ಮುಗಿಸಬಹುದು. ವ್ಯಾಕರಣ ಸರಿ, ಧಾಟಿಯೂ ಅಣ್ಣನದೇ. ಆದರೆ ನಿರ್ಧಾರವನ್ನು ಬದಲಿಸಿದ್ದು ಡಾಕ್ಟರ ರಜೆ, ಅದರ ಸುಳಿವು ಬಂದ ಭಾಗದಲ್ಲಿ ಒಂದಕ್ಷರವೂ ಇಲ್ಲ. ನೂರಾರು ಬೇರೆ ಅಣ್ಣಂದಿರು ಹೇಳುತ್ತಿದ್ದ ಮಾತು ಈ ಅಣ್ಣನ ಹೆಸರಿನಲ್ಲಿ ತಂಗಿಗೆ ತಲುಪಿತು. ಕಾಯಿಲೆಯ ತಾಯಿ ಸುಮ್ಮನೆ ಬಸ್ಸು ಹತ್ತಿದರು.

"ಶಿವಮೊ" ಎಂದು ನಿಂತದ್ದನ್ನು "ಶಿವಮೊಗ್ಗ" ಮಾಡಿದರೆ ಹಾನಿಯಿಲ್ಲ. ಅಲ್ಲಿ ಬೇರೆ ದಾರಿಯೇ ಇಲ್ಲ. ಬೇಕು, ಬೇಡ, ಕೊಟ್ಟೆ, ಕೊಡಲಾರೆ ಎಂಬ ಕಡೆ ಮಾತ್ರ ಎರಡೂ ದಾರಿ ತೆರೆದಿರುತ್ತವೆ. ಪರೀಕ್ಷಿಸಲು ಅದೇ ತುಂಡನ್ನು ಹಲವು ಸಲ ಪೂರ್ತಿ ಮಾಡಿಸಿ. ಉತ್ತರ ಅತ್ತಿತ್ತ ಹೊರಳಿದರೆ ಬರೀ ಊಹೆ ಎಂದು ಗೊತ್ತಾಗುತ್ತದೆ. ಪ್ರತಿ ಸಲ ಒಂದೇ ಬಂದರೂ ನಂಬುವಂತಿಲ್ಲ, ಏಕೆಂದರೆ ಅದು ರೂಢಿಗೆ ಸಾಕ್ಷಿಯೇ ಹೊರತು ಕಳಿಸಿದವನ ಇಚ್ಛೆಗಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದು: ಜೋಡಣೆಯ ಆ 6 ಬೈಟುಗಳಲ್ಲಿ ಒಟ್ಟು ಎಷ್ಟು ಭಾಗ, ಇದು ಎಷ್ಟನೆಯದು ಎಂದು ಬರೆದೇ ಇರುತ್ತದೆ. ಎರಡನೆಯದು ಬಂದಿಲ್ಲವೆಂದು ಫೋನಿಗೆ ಗೊತ್ತು. ತಂತ್ರಾಂಶ ಮಾಡುವವರು ಆ ಜಾಗವನ್ನು ತುಂಬದೆ, "ಉಳಿದ ಭಾಗ ಬಂದಿಲ್ಲ, ಕಳಿಸಿದವರನ್ನು ಕೇಳಿ" ಎಂದು ಕನ್ನಡದಲ್ಲಿ ತೋರಿಸಲಿ. ಅಲ್ಲಿಯ ತನಕ, ಮಾತು ಮುಗಿಯದೆ ನಿಂತ ಸಂದೇಶ ಬಂದರೆ ಒಂದು ಫೋನು ಮಾಡಿ ಕೇಳಿಬಿಡಿ.