ಅರ್ಕಾವತ್ತಿನ ಬೈಗುಳ

ನಮ್ಮ ಅಜ್ಜಿಯ ಬೈಗುಳದಲ್ಲಿ ಅಡುಗೆಮನೆಯೇ ತುಂಬಿಕೊಂಡಿತ್ತು. ಕರೆದಾಗ ಓಗೊಡದವನು ‘ಕಿವಿಯಿಲ್ಲದ ಕೊಳಗ’, ಹೊತ್ತೇರುವ ತನಕ ಮಲಗಿದವನು ‘ಹುದುಗು ಬಾರದ ಹಿಟ್ಟು’. ಬೈಸಿಕೊಂಡವರು ನಗುತ್ತಲೇ ಎದ್ದು ಹೋಗಿ ಕೆಲಸ ಮಾಡುತ್ತಿದ್ದರು. ಅದೇ ಅಜ್ಜಿ ನಿಜವಾಗಿ ಸಿಟ್ಟಾದಾಗ ಕೊಳಗವೂ ಇಲ್ಲ, ಹಿಟ್ಟೂ ಇಲ್ಲ, ಹೆಸರು ಹಿಡಿದು ಒಂದೇ ಸಲ ಕರೆಯುತ್ತಿದ್ದಳು. ನಾವು ಹೆದರುತ್ತಿದ್ದುದು ಆ ಕರೆಗೆ.

ಇಂಥ ಬೈಗುಳವನ್ನು ಲೆಕ್ಕಾಚಾರ ಹಾಕಿ ತಯಾರಿಸಬಹುದು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಶೇಕ್ಸ್‌ಪಿಯರ್ ಬೈಗುಳದ ಪಟ್ಟಿಯೊಂದು ಕೈಗೆ ಸಿಕ್ಕಾಗ. ಅಮೆರಿಕದ ಇಂಗ್ಲಿಷ್ ತರಗತಿಗಳಲ್ಲಿ ಕೈಯಿಂದ ಕೈಗೆ ದಾಟಿ ಹೋದ ಒಂದು ಹಾಳೆ ಅದು. ಅದರಲ್ಲಿ ಮೂರು ಸಾಲು, ಒಂದೊಂದರಲ್ಲೂ ಐವತ್ತು ಪದ. ಮೊದಲನೆಯದರಲ್ಲಿ ಸಾದಾ ಗುಣವಾಚಕ, ಎರಡನೆಯದರಲ್ಲಿ ಎರಡು ಪದ ಬೆಸೆದ ಗುಣವಾಚಕ, ಮೂರನೆಯದರಲ್ಲಿ ನಾಮಪದ. ಮುಂದೆ ‘ನೀನೊಬ್ಬ’ ಎಂದು ಸೇರಿಸಿ, ಮೂರರಿಂದಲೂ ಒಂದೊಂದನ್ನು ಎತ್ತಿಕೊಂಡರೆ ಮುಗಿಯಿತು. 50ನ್ನು 50ರಿಂದ, ಮತ್ತೆ 50ರಿಂದ ಗುಣಿಸಿದರೆ 1,25,000 ಬೈಗುಳ. ಒಬ್ಬ ಮನುಷ್ಯ ಜನ್ಮವಿಡೀ ಜಗಳವಾಡಿದರೂ ಉಳಿಯುವಷ್ಟು.

ರಜೆಗೆ ಬಂದಿದ್ದ ಅಕ್ಕನ ಮಕ್ಕಳಿಬ್ಬರು ಬೀದಿಯಿಂದ ಒಂದೆರಡು ಹೊಲಸು ಮಾತು ಕಲಿತು ಬಂದಾಗ ನನಗೆ ಈ ಹಾಳೆ ನೆನಪಾಯಿತು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಮೂರು ಗೀಟು ಎಳೆದೆವು. ಮೊದಲ ಮನೆಗೆ ಅರೆಬೆಂದ, ತುಕ್ಕುಹಿಡಿದ, ನೆನೆಹಾಕಿದ, ಜೋಲುಬಿದ್ದ. ಎರಡನೆಯದಕ್ಕೆ ಒಂದು ವಸ್ತು, ಒಂದು ಅಂಗ: ಒರಳುತಲೆಯ, ಬದನೆಮೂಗಿನ, ಚಕ್ಕುಲಿಮೀಸೆಯ, ಹಪ್ಪಳಗಿವಿಯ. ಮೂರನೆಯದಕ್ಕೆ ಗುಡಾಣ, ಕಡಗೋಲು, ಈಳಿಗೆಮಣೆ, ಹರಿವಾಣ. ಕೊನೆಗೊಂದು ಏಕಾರ ಎಳೆದರೆ ಸಾಕು: ‘ನೆನೆಹಾಕಿದ ಚಕ್ಕುಲಿಮೀಸೆಯ ಕಡಗೋಲೇ!’ ಹುಡುಗ ಮಂಚದಿಂದ ಉರುಳಿಬೀಳುವಷ್ಟು ನಕ್ಕ.

ಆದರೆ ಎಲ್ಲ ಜೋಡಣೆಯೂ ನಗಿಸಲಿಲ್ಲ. ‘ಸೀದುಹೋದ ದೋಸೆಮೂತಿಯ ಕಾವಲಿಯೇ’ ಎಂದು ಹುಡುಗಿ ಬಹಳ ಹೆಮ್ಮೆಯಿಂದ ಹೇಳಿದಳು, ಯಾರೂ ನಗಲಿಲ್ಲ. ತಪ್ಪೆಲ್ಲಿ ಎಂದು ನೋಡಿದರೆ, ಮೂರು ಪದವೂ ಒಂದೇ ಒಲೆಯ ಮೇಲಿನವು. ಸೀದದ್ದು ದೋಸೆ, ದೋಸೆ ಬಿದ್ದದ್ದು ಕಾವಲಿಯ ಮೇಲೆ, ಎಲ್ಲ ಸರಿಯಾಗಿಯೇ ಇದೆ. ಸರಿಯಾಗಿರುವುದೇ ತೊಂದರೆ. ನೆನೆಹಾಕುವುದು ಕಡಲೆಯನ್ನು, ಚಕ್ಕುಲಿ ಇರುವುದು ಡಬ್ಬದಲ್ಲಿ, ಕಡಗೋಲು ಮಜ್ಜಿಗೆಯದು. ಒಂದಕ್ಕೊಂದು ಸಂಬಂಧವಿಲ್ಲದ ಮೂರನ್ನು ಒಬ್ಬನ ತಲೆಗೆ ಕಟ್ಟಿದಾಗ ಕೇಳಿದವನ ಮನಸ್ಸು ಅವನ್ನು ಜೋಡಿಸಲು ಒದ್ದಾಡುತ್ತದೆ. ನಗು ಹುಟ್ಟುವುದು ಆ ಒದ್ದಾಟದಲ್ಲಿ.

ಹುಡುಗನ ಸರದಿ ಬಂದಾಗ ಅವನು ‘ಕೆಟ್ಟ ಕೊಳಕುಬಾಯಿಯ ದರಿದ್ರವೇ’ ಎಂದ. ಇದು ಬರೀ ಬೈಗುಳ. ಪದಗಳು ತಾವೇ ಕೆಟ್ಟವಾಗಿದ್ದರೆ ಕಟ್ಟುವವನಿಗೆ ಕೆಲಸವೇ ಉಳಿಯುವುದಿಲ್ಲ. ಗುಡಾಣ ಯಾರಿಗೇನು ಮಾಡಿದೆ ಪಾಪ? ನೀರು ತುಂಬಿಸಿಕೊಂಡು ಮೂಲೆಯಲ್ಲಿ ಕೂತಿರುತ್ತದೆ. ಅಂಥ ನಿರಪರಾಧಿಯನ್ನು ಎಳೆದು ತಂದು ಬೈಗುಳದ ಜಾಗದಲ್ಲಿ ಕೂರಿಸಬೇಕು.

ಈ ಗುಟ್ಟನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವನು ಟಿನ್‌ಟಿನ್ ಕಥೆಗಳನ್ನು ಬರೆದ ಬೆಲ್ಜಿಯಂನ ಚಿತ್ರಕಾರ ಎರ್ಜೆ. ಅವನಿಗೆ 1941ರ ಹೊತ್ತಿಗೆ ಒಂದು ಕಷ್ಟ ಎದುರಾಯಿತು. ಆಗಷ್ಟೇ ಕಥೆಗೆ ಬಂದ ಕ್ಯಾಪ್ಟನ್ ಹ್ಯಾಡಕ್ ಕುಡುಕ, ಮುಂಗೋಪಿ, ಅದರ ಮೇಲೆ ಹಡಗಿನವನು. ಬಾಯಿ ತೆರೆದರೆ ಏನು ಬರಬೇಕೋ ಅದನ್ನು ಮಕ್ಕಳ ಪುಟದಲ್ಲಿ ಅಚ್ಚು ಹಾಕುವಂತಿಲ್ಲ. ಆಗ ಎರ್ಜೆಗೆ ನೆನಪಾದದ್ದು 1933ರ ಸುಮಾರಿಗೆ ಸಂತೆಯಲ್ಲಿ ಕಂಡ ಒಂದು ಜಗಳ. ಆ ವರ್ಷ ಬ್ರಿಟನ್, ಫ್ರಾನ್ಸ್, ಇಟಲಿ, ಜರ್ಮನಿ ಸೇರಿ ಚತುಶ್ಶಕ್ತಿ ಒಪ್ಪಂದವೊಂದನ್ನು ಮಾಡಿಕೊಂಡಿದ್ದವು, ಪತ್ರಿಕೆಗಳ ತುಂಬ ಅದೇ ಸುದ್ದಿ. ಗಿರಾಕಿಯ ಮೇಲೆ ರೇಗಿದ ವ್ಯಾಪಾರಿಯೊಬ್ಬ ಅವನನ್ನು ‘ಚತುಶ್ಶಕ್ತಿ ಒಪ್ಪಂದವೇ’ ಎಂದು ಬೈದನಂತೆ! ಬೈಸಿಕೊಂಡವನು ಮರುಜವಾಬು ಕೊಡುವುದಾದರೂ ಹೇಗೆ? ತಾನು ಒಪ್ಪಂದವಲ್ಲ ಎಂದು ಸಾಧಿಸಬೇಕೇ?

ಹೀಗಾಗಿ ಹ್ಯಾಡಕ್ಕನ ಬಾಯಲ್ಲಿ ದೋಸೆಯಂಥ ತಿಂಡಿ ಬೇಯಿಸುವ ಅಚ್ಚು, ತುರ್ಕಿಯ ಹಳೆಯ ಸೈನಿಕ, ಅಲಂಕಾರಶಾಸ್ತ್ರದ ಪಾರಿಭಾಷಿಕ ಪದ ಎಲ್ಲವೂ ಬೈಗುಳಗಳಾದವು. ಅರ್ಥ ಗೊತ್ತಿಲ್ಲ, ಸದ್ದು ಮಾತ್ರ ಭಯಂಕರ. ಈ ಉಪಾಯವನ್ನು ಮಕ್ಕಳಿಗೆ ಹೇಳಿದ್ದೇ ತಡ, ಹುಡುಗಿ ತನ್ನ ವ್ಯಾಕರಣದ ಪುಸ್ತಕ ಎಳೆದುಕೊಂಡಳು. ‘ಥೂ, ಲೋಪಸಂಧಿ!’ ಎಂದು ತಮ್ಮನಿಗೆ ಒಗೆದಳು. ಅವನು ಯೋಚಿಸಿ ಯೋಚಿಸಿ, ‘ನೀನು ಅರ್ಕಾವತ್ತು’ ಎಂದ. ನನ್ನ ಮಟ್ಟಿಗೆ ಆ ರಜೆಯ ಅತ್ಯುತ್ತಮ ಬೈಗುಳ ಅದು. ಅರ್ಕಾವತ್ತು ಎಂಬ ಪದ ಬೈಯಲಿಕ್ಕೆಂದೇ ಹುಟ್ಟಿದಂತಿದೆ. ಮೊದಲು ಗಂಟಲು, ಆಮೇಲೆ ಒತ್ತಕ್ಷರದ ಮೇಲೆ ಒಂದು ಕುಟ್ಟು. ‘ಸಮಸ್ಯೆಯೇ’ ಎಂದು ಯಾರನ್ನಾದರೂ ಬೈದು ನೋಡಿ, ಸಮಾಧಾನ ಹೇಳಿದಂತೆ ಕೇಳುತ್ತದೆ. ಗುಡಾಣ, ಬುರುಡೆ, ಗೂಟ, ಒಡ್ಡೋಲಗ ಇವುಗಳಲ್ಲಿ ಡಕಾರ ಟಕಾರಗಳು ತಮ್ಮ ಕೆಲಸ ಮಾಡುತ್ತವೆ. ಉದ್ದವೂ ಮುಖ್ಯ. ‘ಒಗ್ಗರಣೆಯಿಲ್ಲದ ಒರಳುತಲೆಯ ಶಾವಿಗೆಯೊರಳೇ’ ಎನ್ನುವಷ್ಟರಲ್ಲಿ ಎದುರಾಳಿ ಬಾಗಿಲು ದಾಟಿ ಹೋಗಿರುತ್ತಾನೆ. ಮೊದಲ ಪದ ಚಿಕ್ಕದಿರಬೇಕು, ಮಧ್ಯದ್ದು ಎಳೆಯಬೇಕು, ಕೊನೆಯದು ಧೊಪ್ಪೆಂದು ಬೀಳಬೇಕು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಆಟ ಕೆಟ್ಟಿತು. ಹುಡುಗನ ಕಿವಿ ಸ್ವಲ್ಪ ಅಗಲ. ಅವನ ಅಕ್ಕ ಬೇಕೆಂದೇ ಹುಡುಕಿ ‘ಹಪ್ಪಳಗಿವಿಯ’ ಎಂದಳು. ಅದೇ ಪದಕ್ಕೆ ಹಿಂದಿನ ದಿನ ಉರುಳಾಡಿ ನಕ್ಕವನು ಈಗ ಸುಮ್ಮನೆ ಎದ್ದು ಒಳಗೆ ಹೋದ. ಪದ ಬದಲಾಗಿರಲಿಲ್ಲ. ಅದು ಅವನಿಗೆ ಹೊಂದಿಕೊಂಡುಬಿಟ್ಟಿತ್ತು, ಅಷ್ಟೆ. ಹುಸಿಬೈಗುಳ ಯಾರಿಗೂ ಹೊಂದಬಾರದು. ಒಪ್ಪಂದ, ಕಡಗೋಲು, ಅರ್ಕಾವತ್ತು ಯಾವ ಮನುಷ್ಯನಿಗೂ ಹೊಂದುವುದಿಲ್ಲ.

ಶೇಕ್ಸ್‌ಪಿಯರ್ ಮಾತ್ರ ಹೊಂದಿಸಿಯೇ ಬೈಯುತ್ತಾನಲ್ಲ ಎನ್ನಬಹುದು. ನಾಲ್ಕನೆಯ ಹೆನ್ರಿಯ ಮೊದಲ ಭಾಗದಲ್ಲಿ ತೆಳ್ಳಗಿನ ರಾಜಕುಮಾರ ಹಾಲ್ ದಡೂತಿ ಫಾಲ್‌ಸ್ಟಾಫನ ಮೈಯನ್ನು ಬೆಟ್ಟಕ್ಕೆ ಹೋಲಿಸುತ್ತಾನೆ. ಫಾಲ್‌ಸ್ಟಾಫ್ ಅವನನ್ನು ಹಾವುಮೀನಿನ ಚರ್ಮ, ಒಣಗಿಸಿದ ಎತ್ತಿನ ನಾಲಿಗೆ, ದರ್ಜಿಯ ಗಜಕಡ್ಡಿ ಎಂದು ಒಂದೇ ಉಸಿರಿನಲ್ಲಿ ಪಟ್ಟಿ ಮಾಡುತ್ತ, ಹೇಳಿ ಮುಗಿಸಲು ಉಸಿರು ಸಾಲದೆಂದು ಗೊಣಗುತ್ತಾನೆ. ಆದರೆ ಅಲ್ಲಿ ಇಬ್ಬರೂ ಒಂದೇ ಮೇಜಿನ ಗೆಳೆಯರು, ಕೊಟ್ಟಷ್ಟೇ ತಗೊಳ್ಳುವವರು. ನಮ್ಮ ಬೀಗರ ಹಾಡಿನಲ್ಲೂ ಅಷ್ಟೆ. ನನ್ನ ಸೋದರತ್ತೆ ಬೀಗತಿಯ ಮೂಗನ್ನೂ ಬೀಗರ ಹೊಟ್ಟೆಯನ್ನೂ ಹಾಡಿನಲ್ಲಿ ಹಿಡಿದು ಆಡಿಸುತ್ತಿದ್ದಳು. ಎದುರು ಸಾಲಿನ ಹೆಂಗಸರು ಸೆರಗು ಬಿಗಿದು ತಮ್ಮ ಸರದಿಗೆ ಕಾಯುತ್ತಿದ್ದರು. ಸರದಿ ಇದೆ, ಮದುವೆಮನೆ ಇದೆ, ನಾಳೆ ಎಲ್ಲರೂ ನೆಂಟರು. ಅದೇ ಸಾಲನ್ನು ಮಾರನೆಯ ದಿನ ಕಾಫಿ ಕೊಡುವಾಗ ಹೇಳಿದ್ದರೆ ಸಂಬಂಧವೇ ಮುರಿಯುತ್ತಿತ್ತು.

ಆಟವನ್ನು ಉಳಿಸಿದ್ದು ಚೀಟಿ. ಪದಗಳನ್ನು ಕತ್ತರಿಸಿ ಮೂರು ಬಟ್ಟಲಿಗೆ ಹಾಕಿದೆವು, ಕಣ್ಣುಮುಚ್ಚಿ ಎತ್ತಬೇಕು. ಈಗ ಹಪ್ಪಳಗಿವಿ ಬಂದರೂ ಆರಿಸಿದವರು ಯಾರೂ ಇಲ್ಲ, ಕೋಪಿಸಿಕೊಳ್ಳುವುದಾದರೆ ಬಟ್ಟಲಿನ ಮೇಲೆ ಕೋಪಿಸಿಕೊಳ್ಳಬೇಕು. ಕಡಗೋಲು ಎಂದರೇನೆಂದು ಕೇಳಿದಾಗ ಅಟ್ಟದಿಂದ ಇಳಿಸಿ ತೋರಿಸಿದೆ. ಅವರೂ ತಮ್ಮ ಕಾಲದ ಸಾಮಾನನ್ನು ಸೇರಿಸಿದರು. ರೌಟರ್ ಸಪ್ಪೆ, ಎಕ್ಸ್‌ಟೆನ್ಷನ್ ಬಾಕ್ಸ್ ಪರವಾಗಿಲ್ಲ.

ರಜೆ ಮುಗಿದು ಊರಿಗೆ ಹೋಗುವಾಗ ಬಟ್ಟಲುಗಳನ್ನೂ ಕೊಂಡೊಯ್ದರು. ಮೊನ್ನೆ ಅಕ್ಕ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದೆ ಹುಡುಗ ಸ್ನಾನಕ್ಕೆ ಹೋಗಲೊಲ್ಲೆನೆಂದು ರಂಪ ಮಾಡುತ್ತಿದ್ದ. ‘ಒಂದು ನಿಮಿಷ ಇರೋ’ ಎಂದಳು. ಕಾಗದ ಸರಬರ ಎಂದಿತು. ಆಮೇಲೆ ದೊಡ್ಡ ದನಿಯಲ್ಲಿ, ‘ಅರೆಬೆಂದ ಬದನೆಮೂಗಿನ ಹರಿವಾಣವೇ, ನೀರು ಕಾದಿದೆ, ಏಳು!’

ಎದ್ದು ಹೋದನಂತೆ.